ವಿನ್‌ಆ್ಯಂಪ್ ಸ್ಕಿನ್ ಮತ್ತು ವಿಷುವಲೈಸರ್ ಬಣ್ಣಗಳು

ವಿನ್‌ಆ್ಯಂಪ್ ಸ್ಕಿನ್ ಎಂಬುದು ವಿನ್‌ಆ್ಯಂಪ್ ಎಂಬ ಸಂಗೀತ ವಾದಕ ತಂತ್ರಾಂಶದ ಹೊರನೋಟವನ್ನು ನಿರ್ಧರಿಸುವ ಚಿತ್ರಗಳ ಮತ್ತು ಪಠ್ಯಕಡತಗಳ ಒಂದು ಕಟ್ಟು. ತಂತ್ರಾಂಶದ ಕೆಲಸದಲ್ಲಿ ಯಾವ ಬದಲಾವಣೆಯನ್ನೂ ಮಾಡದೆ, ಅದರ ಕಿಟಕಿ, ಗುಂಡಿ, ಅಂಕೆ, ಅಕ್ಷರಗಳ ರೂಪವನ್ನು ಮಾತ್ರ ಇದು ಬದಲಿಸುತ್ತದೆ. ಹಾಡು ನುಡಿಯುವಾಗ ಮುಖ್ಯ ಕಿಟಕಿಯ ಎಡಭಾಗದಲ್ಲಿ ಏರಿಳಿಯುವ ಚಿಕ್ಕ ಪಟ್ಟಿಗಳಿಗೆ ವಿಷುವಲೈಸರ್ ಎಂದು ಹೆಸರು. ಈ ಪಟ್ಟಿಗಳ ಬಣ್ಣಗಳು ಸ್ಕಿನ್ನಿನ ಚಿತ್ರಗಳಲ್ಲಿ ಇರುವುದಿಲ್ಲ. ಅವು `VISCOLOR.TXT` ಎಂಬ ಪ್ರತ್ಯೇಕ ಪಠ್ಯಕಡತದಲ್ಲಿ ಇರುತ್ತವೆ. ಆದುದರಿಂದ ಚಿತ್ರಗಳನ್ನೆಲ್ಲ ತಮ್ಮ ಇಷ್ಟದ ಬಣ್ಣಕ್ಕೆ ತಿರುಗಿಸಿದವರಿಗೂ ವಿಷುವಲೈಸರ್ ಮಾತ್ರ ಹಳೆಯ ಹಸಿರು-ಕೆಂಪಿನಲ್ಲಿಯೇ ಉಳಿದಂತೆ ಕಾಣುವುದುಂಟು. ಈ ಲೇಖನವು ಮುಖ್ಯವಾಗಿ ಆ ಕಡತದ ರಚನೆಯನ್ನೂ, ಒಂದು ನಿರ್ದಿಷ್ಟ ಬಣ್ಣಯೋಜನೆಗೆ ಅದನ್ನು ಹೊಂದಿಸುವ ಕ್ರಮವನ್ನೂ ವಿವರಿಸುತ್ತದೆ.

## ಹಿನ್ನೆಲೆ

ವಿನ್‌ಆ್ಯಂಪ್ 1997ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಬಿಡುಗಡೆಯಾಯಿತು. ಅಮೆರಿಕದ ಜಸ್ಟಿನ್ ಫ್ರಾಂಕೆಲ್ ಮತ್ತು ಡಿಮಿಟ್ರಿ ಬೋಲ್ಡಿರೆವ್ ಇದನ್ನು ಬರೆದರು. ಫ್ರಾಂಕೆಲ್ ಸ್ಥಾಪಿಸಿದ ನಲ್‌ಸಾಫ್ಟ್ ಸಂಸ್ಥೆಯು ಇದನ್ನು ಹೊರತಂದಿತು. 1999ರಲ್ಲಿ ಆ ಸಂಸ್ಥೆಯನ್ನು ಎಒಎಲ್ ಕೊಂಡುಕೊಂಡಿತು. 1998ರ ಸೆಪ್ಟೆಂಬರ್‌ನಲ್ಲಿ ಬಂದ 2ನೇ ಆವೃತ್ತಿಯ ಕಾಲದಲ್ಲಿ ಸ್ಕಿನ್ ತಯಾರಿಕೆಯು ಬಳಕೆದಾರರ ನಡುವೆ ವ್ಯಾಪಕವಾಗಿ ಹಬ್ಬಿತು. ಸ್ಕಿನ್ ಮಾಡಲು ಪ್ರೋಗ್ರಾಮಿಂಗ್ ತಿಳಿದಿರಬೇಕಾಗಿರಲಿಲ್ಲ. ಚಿತ್ರ ಬಿಡಿಸುವ ಒಂದು ಸಾಮಾನ್ಯ ತಂತ್ರಾಂಶ ಮತ್ತು ನೋಟ್‌ಪ್ಯಾಡ್ ಇದ್ದರೆ ಸಾಕಾಗಿತ್ತು.

2002ರಲ್ಲಿ ಬಂದ 3ನೇ ಆವೃತ್ತಿಯು ಬೇರೊಂದು ಸ್ಕಿನ್ ವ್ಯವಸ್ಥೆಯನ್ನು ತಂದಿತು. 2003ರ ಡಿಸೆಂಬರ್‌ನಲ್ಲಿ ಬಂದ 5ನೇ ಆವೃತ್ತಿಯು ಎರಡೂ ವ್ಯವಸ್ಥೆಗಳನ್ನು ಉಳಿಸಿಕೊಂಡಿತು. ಅಂದಿನಿಂದ 2ನೇ ಆವೃತ್ತಿಯ ಸ್ಕಿನ್‌ಗಳಿಗೆ ‘ಕ್ಲಾಸಿಕ್’ ಎಂದೂ, ಹೊಸ ಬಗೆಯವಕ್ಕೆ ‘ಮಾಡರ್ನ್’ ಎಂದೂ ಹೆಸರು ನಿಂತಿತು. `VISCOLOR.TXT` ಕ್ಲಾಸಿಕ್ ಸ್ಕಿನ್ನಿಗೆ ಸೇರಿದ್ದು. ಮುಂದಿನ ವಿವರಣೆಯೂ ಅದನ್ನೇ ಕುರಿತದ್ದು. ಮಾಡರ್ನ್ ಸ್ಕಿನ್ನಿನ ವ್ಯತ್ಯಾಸಗಳನ್ನು ಕೊನೆಯಲ್ಲಿ ಹೇಳಲಾಗಿದೆ.

## ಕ್ಲಾಸಿಕ್ ಸ್ಕಿನ್ನಿನ ಒಳರಚನೆ

ಕ್ಲಾಸಿಕ್ ಸ್ಕಿನ್ ಸಾಮಾನ್ಯವಾಗಿ `.wsz` ಎಂಬ ವಿಸ್ತರಣೆಯುಳ್ಳ ಒಂದೇ ಕಡತವಾಗಿ ದೊರೆಯುತ್ತದೆ. ಇದು ಹೆಸರು ಬದಲಿಸಿದ ಜಿಪ್ ಕಡತವಲ್ಲದೆ ಬೇರೇನಲ್ಲ. ವಿಸ್ತರಣೆಯನ್ನು `.zip` ಎಂದು ತಿದ್ದಿ ಬಿಚ್ಚಿದರೆ ಒಳಗಿರುವ ಕಡತಗಳೆಲ್ಲ ಕಾಣಸಿಗುತ್ತವೆ. ಅವುಗಳಲ್ಲಿ `MAIN.BMP` ಮುಖ್ಯ ಕಿಟಕಿಯ ಹಿನ್ನೆಲೆ. ಅದರ ಅಳತೆ 275 × 116 ಪಿಕ್ಸೆಲ್. `CBUTTONS.BMP` ನುಡಿಸು, ನಿಲ್ಲಿಸು ಮುಂತಾದ ಗುಂಡಿಗಳ ಚಿತ್ರ, `NUMBERS.BMP` ಸಮಯ ತೋರಿಸುವ ಅಂಕೆಗಳು, `TEXT.BMP` ಹಾಡಿನ ಹೆಸರಿನ ಅಕ್ಷರಗಳು. ಹಾಡುಪಟ್ಟಿಯ ಚೌಕಟ್ಟು `PLEDIT.BMP`ಯಲ್ಲಿಯೂ, ಅದರ ಅಕ್ಷರಗಳ ಬಣ್ಣವು `PLEDIT.TXT`ನಲ್ಲಿಯೂ ಇರುತ್ತದೆ. ಈಕ್ವಲೈಸರಿಗೆ `EQMAIN.BMP` ಇದೆ.

ಇವುಗಳಲ್ಲಿ ಯಾವುದಾದರೊಂದು ಕಡತ ಇಲ್ಲದಿದ್ದರೆ ವಿನ್‌ಆ್ಯಂಪ್ ತನ್ನ ಮೂಲ ಸ್ಕಿನ್ನಿನದನ್ನು ಅದರ ಜಾಗದಲ್ಲಿ ಬಳಸಿಕೊಳ್ಳುತ್ತದೆ. ಮೇಲೆ ಹೇಳಿದ ಹಸಿರು-ಕೆಂಪಿನ ತೊಡಕಿಗೆ ಬಹುಮಟ್ಟಿಗೆ ಇದೇ ಕಾರಣ. ಸ್ಕಿನ್ ಮಾಡಿದವರು `VISCOLOR.TXT` ಸೇರಿಸುವುದನ್ನು ಮರೆತಿರುತ್ತಾರೆ, ಅಥವಾ ಕಡತದ ಹೆಸರು ತಪ್ಪಾಗಿರುತ್ತದೆ. ದೋಷಸಂದೇಶ ಯಾವುದೂ ಬರುವುದಿಲ್ಲವಾದ್ದರಿಂದ ಕಣ್ಣಿನಿಂದಲೇ ಇದನ್ನು ಗುರುತಿಸಬೇಕಾಗುತ್ತದೆ.

## ಬಣ್ಣಕಡತದ 24 ಸಾಲುಗಳು

`VISCOLOR.TXT` ಕಡತದಲ್ಲಿ 24 ಸಾಲುಗಳಿರುತ್ತವೆ. ಪ್ರತಿ ಸಾಲೂ ಒಂದು ಬಣ್ಣ. ಸಾಲಿನಲ್ಲಿ ಅಲ್ಪವಿರಾಮದಿಂದ ಬೇರ್ಪಡಿಸಿದ ಮೂರು ಸಂಖ್ಯೆಗಳಿದ್ದು, ಅವು ಕ್ರಮವಾಗಿ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು 0ಯಿಂದ 255ರವರೆಗೆ ಸೂಚಿಸುತ್ತವೆ. ಸಂಖ್ಯೆಗಳ ನಂತರ `//` ಗುರುತು ಹಾಕಿ ಟಿಪ್ಪಣಿ ಬರೆಯುವುದು ವಾಡಿಕೆ. ಸಾಲುಗಳಿಗೆ ಹೆಸರಿಲ್ಲ, ಎಷ್ಟನೆಯ ಸಾಲು ಎಂಬುದರಿಂದಲೇ ಅದರ ಕೆಲಸ ನಿಶ್ಚಯವಾಗುತ್ತದೆ. ಎಣಿಕೆಯು 0ಯಿಂದ ಆರಂಭವಾಗಿ 23ಕ್ಕೆ ಮುಗಿಯುತ್ತದೆ.

ಬಣ್ಣ 0 ವಿಷುವಲೈಸರಿನ ಹಿನ್ನೆಲೆ. ಬಣ್ಣ 1 ಆ ಹಿನ್ನೆಲೆಯ ಮೇಲೆ ಹರಡಿರುವ ಸಣ್ಣ ಚುಕ್ಕೆಗಳದು. 2ರಿಂದ 17ರವರೆಗಿನ 16 ಬಣ್ಣಗಳು ಏರಿಳಿಯುವ ಪಟ್ಟಿಗಳಿಗೆ ಸೇರಿದವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಕ್ರಮವು ಮೇಲಿನಿಂದ ಕೆಳಕ್ಕೆ ಇರುತ್ತದೆ: 2 ಎಂಬುದು ತುತ್ತತುದಿಯ ಬಣ್ಣ, 17 ಬುಡದ ಬಣ್ಣ. 18ರಿಂದ 22ರವರೆಗಿನ ಐದು ಬಣ್ಣಗಳು ಪಟ್ಟಿಗಳ ಬದಲು ಅಲೆಯ ಗೆರೆಯನ್ನು ತೋರಿಸುವ ಆಸಿಲೋಸ್ಕೋಪ್ ಬಗೆಗೆ ಮೀಸಲು. ಗೆರೆಯು ನಡುವಿನಲ್ಲಿದ್ದಾಗ 18ನೆಯದು, ನಡುವಿನಿಂದ ದೂರ ಹೋದಂತೆ ಮುಂದಿನವು ಬಳಕೆಯಾಗುತ್ತವೆ. ಕೊನೆಯ ಬಣ್ಣ 23, ಪಟ್ಟಿಯು ತಲುಪಿದ ಅತಿ ಎತ್ತರವನ್ನು ತೋರಿಸಿ ನಿಧಾನವಾಗಿ ಕೆಳಗಿಳಿಯುವ ಶಿಖರಚುಕ್ಕೆಯದು.

ಪಟ್ಟಿಗಳಿಗೆ ಸರಿಯಾಗಿ 16 ಬಣ್ಣಗಳೇ ಇರುವುದಕ್ಕೆ ಕಾರಣ ಸರಳವಾಗಿದೆ. ಮುಖ್ಯ ಕಿಟಕಿಯಲ್ಲಿ ವಿಷುವಲೈಸರಿಗೆ ಬಿಟ್ಟಿರುವ ಜಾಗದ ಅಗಲ 76 ಪಿಕ್ಸೆಲ್, ಎತ್ತರ 16 ಪಿಕ್ಸೆಲ್. ಅಂದರೆ ಎತ್ತರದ ಒಂದೊಂದು ಪಿಕ್ಸೆಲ್ ಸಾಲಿಗೂ ಒಂದೊಂದು ಬಣ್ಣ. ಅಗಲದಲ್ಲಿ, ದಪ್ಪ ಪಟ್ಟಿಗಳನ್ನು ಆರಿಸಿಕೊಂಡಾಗ, 3 ಪಿಕ್ಸೆಲ್ ಪಟ್ಟಿ ಮತ್ತು 1 ಪಿಕ್ಸೆಲ್ ತೆರಪಿನಂತೆ 19 ಪಟ್ಟಿಗಳು ಹಿಡಿಯುತ್ತವೆ. ಎಡಗಡೆಯವು ಮಂದ್ರದ ನಾದಗಳಿಗೂ ಬಲಗಡೆಯವು ತಾರದ ನಾದಗಳಿಗೂ ಸ್ಪಂದಿಸುತ್ತವೆ.

ಮೂಲ ಸ್ಕಿನ್ನಿನಲ್ಲಿ ತುದಿಯ ಬಣ್ಣ `239,49,16` ಎಂಬ ಕೆಂಪು, ನಡುವಿನದು `189,222,41` ಎಂಬ ಹಳದಿಹಸಿರು, ಬುಡದ್ದು `24,132,8` ಎಂಬ ಗಾಢ ಹಸಿರು. ಧ್ವನಿಮುದ್ರಣ ಯಂತ್ರಗಳ ಮಟ್ಟಸೂಚಕ ದೀಪಗಳನ್ನು ನೋಡಿದವರಿಗೆ ಈ ಕ್ರಮ ಪರಿಚಿತವಾದದ್ದೇ.

## ಒಂದೇ ಕಡತ, ಮೂರು ಬಗೆಯ ಓದು

ವಿನ್‌ಆ್ಯಂಪ್ ಈ 16 ಬಣ್ಣಗಳನ್ನು ಮೂರು ರೀತಿಯಲ್ಲಿ ಬಳಸಬಲ್ಲದು. ಆದ್ಯತೆಗಳ ಕಿಟಕಿಯಲ್ಲಿ ಅವುಗಳ ಹೆಸರು `Normal`, `Fire`, `Line`. ಬಣ್ಣ ಆರಿಸುವ ಮುನ್ನ ಇವುಗಳ ವ್ಯತ್ಯಾಸ ತಿಳಿದಿರಬೇಕು. ಒಂದರಲ್ಲಿ ಹಿತವಾಗಿ ಕಂಡ ಬಣ್ಣಗಳು ಇನ್ನೊಂದರಲ್ಲಿ ಬೇರೆಯೇ ಪರಿಣಾಮ ಕೊಡುತ್ತವೆ.

`Normal` ಬಗೆಯಲ್ಲಿ ಬಣ್ಣವು ಜಾಗಕ್ಕೆ ಅಂಟಿಕೊಂಡಿರುತ್ತದೆ. ಅತಿ ಕೆಳಗಿನ ಪಿಕ್ಸೆಲ್ ಸಾಲು ಯಾವಾಗಲೂ 17ನೆಯ ಬಣ್ಣ. ಅತಿ ಮೇಲಿನದು ಯಾವಾಗಲೂ 2ನೆಯದು. ಪಟ್ಟಿಯು ಏರಿದಷ್ಟು ಭಾಗ ಮಾತ್ರ ಬೆಳಗುತ್ತದೆ. ಆದುದರಿಂದ ಮೆಲುದನಿಯ ಹಾಡಿನಲ್ಲಿ 2, 3, 4ನೆಯ ಬಣ್ಣಗಳು ಕಾಣಿಸಿಕೊಳ್ಳದೆಯೇ ಇರಬಹುದು. ಇಷ್ಟದ ಮುಖ್ಯ ಬಣ್ಣವನ್ನು ತುದಿಯಲ್ಲಿ ಮಾತ್ರ ಇಟ್ಟವರು ಅದನ್ನು ಅಪರೂಪಕ್ಕೆ ನೋಡುತ್ತಾರೆ.

`Fire` ಬಗೆಯಲ್ಲಿ ಎಣಿಕೆಯು ಪಟ್ಟಿಯ ತುದಿಯಿಂದ ಆರಂಭವಾಗುತ್ತದೆ. ಪಟ್ಟಿ ಎಷ್ಟೇ ಗಿಡ್ಡದಾಗಿದ್ದರೂ ಅದರ ನೆತ್ತಿಯ ಮೇಲೆ 2ನೆಯ ಬಣ್ಣವಿರುತ್ತದೆ, ಅದರ ಕೆಳಗೆ 3ನೆಯದು, ಹೀಗೆ. 17ನೆಯ ಬಣ್ಣವು ಪಟ್ಟಿ ಪೂರ್ತಿ 16 ಪಿಕ್ಸೆಲ್ ಏರಿದಾಗ ಮಾತ್ರ ಬುಡದಲ್ಲಿ ಕಾಣುತ್ತದೆ. ಮೇಲಿನದಕ್ಕೆ ಇದು ನೇರ ತಿರುವುಮುರುವು.

`Line` ಬಗೆಯಲ್ಲಿ ಒಂದು ಪಟ್ಟಿಗೆಲ್ಲ ಒಂದೇ ಬಣ್ಣ. ಪಟ್ಟಿಯ ತುದಿಯು ಯಾವ ಸಾಲನ್ನು ಮುಟ್ಟಿದೆಯೋ ಆ ಸಾಲಿನ ಬಣ್ಣ ಇಡೀ ಪಟ್ಟಿಗೆ ಬರುತ್ತದೆ. 5 ಪಿಕ್ಸೆಲ್ ಏರಿದ ಪಟ್ಟಿಯು ಪೂರ್ತಿಯಾಗಿ 13ನೆಯ ಬಣ್ಣದಲ್ಲಿರುತ್ತದೆ. ಲೆಕ್ಕ ಸುಲಭ: 18ರಿಂದ ಎತ್ತರವನ್ನು ಕಳೆದರೆ ಬಣ್ಣದ ಸಂಖ್ಯೆ ಸಿಗುತ್ತದೆ. ಈ ಬಗೆಯಲ್ಲಿ ಅಕ್ಕಪಕ್ಕದ ಬಣ್ಣಗಳ ನಡುವೆ ದೊಡ್ಡ ಅಂತರವಿದ್ದರೆ ಪಟ್ಟಿಗಳು ಮಿನುಗಿದಂತಾಗಿ ಕಣ್ಣಿಗೆ ಆಯಾಸವಾಗುತ್ತದೆ.

ಮುಖ್ಯ ಕಿಟಕಿಯಲ್ಲಿ ವಿಷುವಲೈಸರಿನ ಮೇಲೆ ಒತ್ತಿದರೆ ಪಟ್ಟಿ, ಅಲೆಗೆರೆ, ಖಾಲಿ ಎಂಬ ಮೂರು ಸ್ಥಿತಿಗಳು ಒಂದಾದ ಮೇಲೊಂದು ಬರುತ್ತವೆ. ‘ವಿಷುವಲೈಸರ್ ಕೆಟ್ಟುಹೋಗಿದೆ’ ಎಂಬ ದೂರಿನ ಹಿಂದೆ ಅನೇಕ ವೇಳೆ ಕೈತಪ್ಪಿ ಒತ್ತಿದ ಈ ಒಂದು ಒತ್ತು ಇರುತ್ತದೆ.

## ಉದಾಹರಣೆ: ಗಾಢ ನೀಲಿ ಮತ್ತು ಜೇನುಬಣ್ಣದ ಯೋಜನೆ

ಗಣಕದ ಪರದೆಯನ್ನು ಗಾಢ ನೀಲಿ ಹಿನ್ನೆಲೆ ಮತ್ತು ಜೇನಿನಂಥ ಹಳದಿ ಗುರುತುಗಳಿಂದ ಅಲಂಕರಿಸಿಕೊಂಡಿರುವ ಒಬ್ಬ ಬಳಕೆದಾರರು ವಿನ್‌ಆ್ಯಂಪನ್ನೂ ಅದಕ್ಕೆ ಹೊಂದಿಸಲು ಬಯಸುತ್ತಾರೆ ಎಂದಿಟ್ಟುಕೊಳ್ಳೋಣ. ಪಟ್ಟಿಯ ಬುಡ `15,60,90` ಎಂಬ ನೀಲಿ, ತುದಿ `255,180,60` ಎಂಬ ಜೇನುಬಣ್ಣ ಆಗಿರಬೇಕು.

ಮೊದಲು ತೋಚುವ ದಾರಿಯೆಂದರೆ ಎರಡರ ನಡುವಿನ ಅಂತರವನ್ನು ಸಮನಾಗಿ ಹಂಚುವುದು. 16 ಬಣ್ಣಗಳ ನಡುವೆ 15 ಹೆಜ್ಜೆಗಳಿರುತ್ತವೆ. ಕೆಂಪಿನ ಅಂತರ 240, ಅಂದರೆ ಹೆಜ್ಜೆಗೆ 16. ಹಸಿರಿನದು 120, ಹೆಜ್ಜೆಗೆ 8. ನೀಲಿ 30ರಷ್ಟು ಇಳಿಯಬೇಕು, ಹೆಜ್ಜೆಗೆ 2. ಲೆಕ್ಕವು ಚೊಕ್ಕವಾಗಿ ಹೊಂದುತ್ತದೆ, ಆದರೆ ಫಲಿತಾಂಶ ಚೆನ್ನಾಗಿರುವುದಿಲ್ಲ. 11ನೆಯ ಬಣ್ಣವು `111,108,78` ಆಗುತ್ತದೆ. ಮೂರು ಸಂಖ್ಯೆಗಳೂ ಹತ್ತಿರಹತ್ತಿರ ಇರುವುದರಿಂದ ಇದು ಕೊಳೆಯಾದ ಬೂದುಬಣ್ಣ. ನೀಲಿ ಮತ್ತು ಹಳದಿಯಂತಹ ಎದುರುಬದುರಾದ ಬಣ್ಣಗಳ ನಡುವೆ ನೇರ ಗೆರೆ ಎಳೆದರೆ ಅದು ಬೂದಿಯ ಮೂಲಕವೇ ಹಾದುಹೋಗುತ್ತದೆ. ದುರದೃಷ್ಟವಶಾತ್ `Normal` ಬಗೆಯಲ್ಲಿ ಹೆಚ್ಚು ಹೊತ್ತು ಕಣ್ಣಿಗೆ ಬೀಳುವ ಭಾಗವೂ ಈ ನಡುವೆಯೇ.

ಇದಕ್ಕೆ ಪರಿಹಾರ, ನಡುವೆ ಒಂದು ಮೂರನೆಯ ಬಣ್ಣವನ್ನು ನಿಲ್ಲಿಸಿ ಎರಡು ತುಂಡುಗಳಲ್ಲಿ ಲೆಕ್ಕ ಹಾಕುವುದು. ನೀಲಿ ಮತ್ತು ಹಳದಿಯ ನಡುವಿನ ಸಹಜ ನೆರೆ ಹಸಿರುನೀಲಿ. 9ನೆಯ ಬಣ್ಣವನ್ನು `63,164,130` ಎಂದು ಇಟ್ಟರೆ, 17ರಿಂದ 9ರವರೆಗೆ ಎಂಟು ಹೆಜ್ಜೆಗಳಲ್ಲಿ ಕೆಂಪು 6, ಹಸಿರು 13, ನೀಲಿ 5ರಂತೆ ಏರುತ್ತವೆ. 9ರಿಂದ 2ರವರೆಗೆ ಏಳು ಹೆಜ್ಜೆಗಳಲ್ಲಿ ಕೆಂಪು 27, ಹಸಿರು 3ರಂತೆ ಏರಿ, ನೀಲಿ 10ರಂತೆ ಇಳಿಯುತ್ತದೆ. ಹೆಜ್ಜೆಗಳು ಪೂರ್ಣಸಂಖ್ಯೆಗಳಾಗಲೆಂದು ತುದಿಯ ಬಣ್ಣವನ್ನು `252,185,60` ಎಂದು ತುಸು ಸರಿಸಲಾಗಿದೆ. ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪೂರ್ತಿ ಕಡತವು ಹೀಗಿರುತ್ತದೆ:

```
8,20,32, // 0
16,36,52, // 1
252,185,60, // 2
225,182,70, // 3
198,179,80, // 4
171,176,90, // 5
144,173,100, // 6
117,170,110, // 7
90,167,120, // 8
63,164,130, // 9
57,151,125, // 10
51,138,120, // 11
45,125,115, // 12
39,112,110, // 13
33,99,105, // 14
27,86,100, // 15
21,73,95, // 16
15,60,90, // 17
252,185,60, // 18
214,160,60, // 19
176,135,60, // 20
138,110,60, // 21
100,85,60, // 22
235,240,235, // 23
```

ಇಲ್ಲಿ ಬಣ್ಣದ ಜೊತೆಗೆ ಬೆಳಕಿನ ಮಟ್ಟವನ್ನೂ ನೋಡಿಕೊಳ್ಳಲಾಗಿದೆ. ಒಂದು ಬಣ್ಣ ಕಣ್ಣಿಗೆ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದನ್ನು ಅಂದಾಜಿಸಲು ಕೆಂಪಿನ ಶೇ. 30, ಹಸಿರಿನ ಶೇ. 59, ನೀಲಿಯ ಶೇ. 11 ಭಾಗಗಳನ್ನು ಕೂಡುವ ಹಳೆಯ ದೂರದರ್ಶನ ಸೂತ್ರವೊಂದಿದೆ. ಅದರಂತೆ ಮೇಲಿನ ಪಟ್ಟಿಯಲ್ಲಿ ಹಿನ್ನೆಲೆ ಸುಮಾರು 18, ಚುಕ್ಕೆಗಳು 32, ಬುಡ 50, ನಡುವಿನ 9ನೆಯ ಬಣ್ಣ 130, ತುದಿ 191. ಕೆಳಗಿನಿಂದ ಮೇಲಕ್ಕೆ ಬೆಳಕು ಒಂದೇ ಸಮನೆ ಹೆಚ್ಚುತ್ತದೆ. ಮೂಲ ಸ್ಕಿನ್ನಿನಲ್ಲಿ ಹಾಗಿಲ್ಲ: ಬುಡದ ಹಸಿರು 85ರ ಆಸುಪಾಸು, ನಡುವಿನ ಹಳದಿಹಸಿರು 190ರ ಆಸುಪಾಸು, ತುದಿಯ ಕೆಂಪು ಮತ್ತೆ 100ಕ್ಕೆ ಇಳಿಯುತ್ತದೆ. ಕೆಂಪು-ಹಸಿರುಗಳ ಭೇದ ತಿಳಿಯದ ವರ್ಣಾಂಧತೆ ಇರುವವರಿಗೆ ಮೂಲ ಸ್ಕಿನ್ನಿನ ತುದಿ ಮತ್ತು ಬುಡ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದಕ್ಕೆ ಇದೇ ಕಾರಣ. ಬೆಳಕು ಏರುತ್ತ ಹೋಗುವ ಬಣ್ಣಗಳಲ್ಲಿ ಈ ತೊಂದರೆ ಇರುವುದಿಲ್ಲ.

ಚುಕ್ಕೆಗಳ ಬೆಳಕು ಹಿನ್ನೆಲೆ ಮತ್ತು ಬುಡಗಳ ನಡುವೆ ಇರುವುದು ಒಳ್ಳೆಯದು. ಬುಡಕ್ಕಿಂತ ಚುಕ್ಕೆಗಳು ಹೊಳೆದರೆ, ಹಾಡಿನ ಮೆಲುಭಾಗಗಳಲ್ಲಿ ಗಿಡ್ಡ ಪಟ್ಟಿಗಳು ಚುಕ್ಕೆಗಳ ನಡುವೆ ಕಳೆದುಹೋಗುತ್ತವೆ. ಚುಕ್ಕೆಗಳೇ ಬೇಡವೆನ್ನುವವರು 1ನೆಯ ಬಣ್ಣಕ್ಕೂ 0ಯ ಸಂಖ್ಯೆಗಳನ್ನೇ ಕೊಟ್ಟರೆ ಅವು ಅಡಗುತ್ತವೆ. ಸಾಲನ್ನೇ ಅಳಿಸಬಾರದು, ಅಳಿಸಿದರೆ ಮುಂದಿನ ಬಣ್ಣಗಳೆಲ್ಲ ಒಂದೊಂದು ಸ್ಥಾನ ಮೇಲಕ್ಕೆ ಸರಿದು ಪಟ್ಟಿಯ ತುದಿಯ ಬಣ್ಣವೇ ಚುಕ್ಕೆಗಳಾಗಿ ಹರಡಿಕೊಳ್ಳುತ್ತದೆ.

## ಹಿನ್ನೆಲೆಯನ್ನು ಕಿಟಕಿಗೆ ಹೊಂದಿಸುವುದು

ವಿಷುವಲೈಸರಿನ ಹಿನ್ನೆಲೆಯು ಪಾರದರ್ಶಕವಲ್ಲ. ಹಾಡು ನುಡಿಯುವಾಗ 76 × 16 ಪಿಕ್ಸೆಲ್‌ಗಳ ಆ ಆಯತವು 0ನೆಯ ಬಣ್ಣದಿಂದ ತುಂಬಿ, ಅದರಡಿಯ `MAIN.BMP` ಚಿತ್ರವನ್ನು ಮರೆಮಾಡುತ್ತದೆ. `MAIN.BMP`ಯಲ್ಲಿ ಅದೇ ಜಾಗ ಬೇರೆ ಬಣ್ಣದಲ್ಲಿದ್ದರೆ ಕಿಟಕಿಯ ಮೇಲೆ ತೇಪೆ ಹಾಕಿದಂತೆ ಆಯತ ಎದ್ದು ಕಾಣುತ್ತದೆ. ಕ್ಲಾಸಿಕ್ ಸ್ಕಿನ್‌ಗಳಲ್ಲಿ ಬಹು ಸಾಮಾನ್ಯವಾದ ದೋಷ ಇದು.

ಆ ಜಾಗದ ಎಡ-ಮೇಲಿನ ಮೂಲೆಯು ಚಿತ್ರದಲ್ಲಿ ಅಡ್ಡಲಾಗಿ 24, ಕೆಳಮುಖವಾಗಿ 43ನೆಯ ಪಿಕ್ಸೆಲ್‌ನಲ್ಲಿದೆ (ಎಣಿಕೆ 0ಯಿಂದ). ಅಂದರೆ ಅಡ್ಡ 24ರಿಂದ 99, ಕೆಳಕ್ಕೆ 43ರಿಂದ 58. ಪೇಂಟ್ ತಂತ್ರಾಂಶದಲ್ಲಿ ಚಿತ್ರವನ್ನು ತೆರೆದು, ಬಣ್ಣ ಹೀರುವ ಉಪಕರಣವನ್ನು ಈ ಜಾಗದ ಮೇಲೆ ಇಟ್ಟು, ಬಣ್ಣ ತಿದ್ದುವ ಕಿಟಕಿಯಲ್ಲಿ ಮೂರು ಸಂಖ್ಯೆಗಳನ್ನು ಓದಿಕೊಳ್ಳಬಹುದು. ಅವೇ 0ನೆಯ ಸಾಲಿಗೆ ಬೇಕಾದ ಸಂಖ್ಯೆಗಳು. ಆ ಜಾಗದಲ್ಲಿ ಛಾಯೆಯೋ ಚಿತ್ರವೋ ಇದ್ದರೆ ಒಂದೇ ಬಣ್ಣದಿಂದ ಅದನ್ನು ಸರಿಗಟ್ಟಲು ಸಾಧ್ಯವಿಲ್ಲ. ಆಗ `MAIN.BMP`ಯಲ್ಲಿಯೇ ಆ ಆಯತವನ್ನು ಒಂದೇ ಬಣ್ಣದಿಂದ ತುಂಬಿ, ಸುತ್ತ ತೆಳುವಾದ ಅಂಚು ಎಳೆದು, ಅದನ್ನು ಚಿಕ್ಕ ಪರದೆಯಂತೆ ತೋರಿಸುವುದು ಸ್ಕಿನ್ ತಯಾರಕರ ಹಳೆಯ ಉಪಾಯ.

ಚಿತ್ರವನ್ನು ಉಳಿಸುವಾಗ 24-ಬಿಟ್ ಬಿಟ್‌ಮ್ಯಾಪ್ ಆಗಿಯೇ ಉಳಿಸಬೇಕು. ಪೇಂಟ್‌ನಲ್ಲಿ 256 ಬಣ್ಣಗಳ ಬಿಟ್‌ಮ್ಯಾಪ್ ಆರಿಸಿದರೆ ಬಣ್ಣಗಳು ಒಂದು ನಿಗದಿತ ಪಟ್ಟಿಯ ಹತ್ತಿರದ ಬಣ್ಣಗಳಿಗೆ ಬದಲಾಗಿ, ಕಷ್ಟಪಟ್ಟು ಹೊಂದಿಸಿದ ಹಿನ್ನೆಲೆ ಮತ್ತೆ ಬೇರೆಯಾಗುತ್ತದೆ. ಪಿಎನ್‌ಜಿ ಚಿತ್ರದ ಹೆಸರನ್ನಷ್ಟೇ `.bmp` ಎಂದು ಬದಲಿಸುವುದರಿಂದ ಪ್ರಯೋಜನವಿಲ್ಲ.

ಇದೇ ನಿಯಮ ಅಂಕೆ ಮತ್ತು ಅಕ್ಷರಗಳಿಗೂ ಅನ್ವಯಿಸುತ್ತದೆ. `NUMBERS.BMP` ಮತ್ತು `TEXT.BMP`ಗಳಲ್ಲಿನ ಪ್ರತಿ ಅಕ್ಷರಚೌಕವೂ ತನ್ನ ಹಿನ್ನೆಲೆಯ ಸಮೇತ ಕಿಟಕಿಯ ಮೇಲೆ ಅಂಟಿಕೊಳ್ಳುತ್ತದೆಯಾದ್ದರಿಂದ ಅವುಗಳ ಹಿನ್ನೆಲೆಯೂ `MAIN.BMP`ಗೆ ಹೊಂದಬೇಕು.

## ಹಾಡುಪಟ್ಟಿಯ ಬಣ್ಣ ಮತ್ತು ಕನ್ನಡ ಅಕ್ಷರಗಳು

ಹಾಡುಪಟ್ಟಿಯ ಬಣ್ಣಗಳನ್ನು `PLEDIT.TXT` ನಿರ್ಧರಿಸುತ್ತದೆ. ಇಲ್ಲಿ ಬಣ್ಣಗಳನ್ನು ಜಾಲಪುಟಗಳಲ್ಲಿರುವಂತೆ ಹದಿನಾರರ ಪದ್ಧತಿಯ ಆರು ಅಂಕೆಗಳಲ್ಲಿ ಬರೆಯಲಾಗುತ್ತದೆ. ಮೇಲಿನ ಯೋಜನೆಗೆ ಹೊಂದುವಂತೆ:

```
[Text]
Normal=#3FA482
Current=#FCB93C
NormalBG=#081420
SelectedBG=#0F3C5A
Font=Arial
```

`Normal` ಸಾಮಾನ್ಯ ಹಾಡಿನ ಅಕ್ಷರ, `Current` ಈಗ ನುಡಿಯುತ್ತಿರುವ ಹಾಡಿನದು, ಉಳಿದೆರಡು ಹಿನ್ನೆಲೆಗಳು. ಇವು ವಿಷುವಲೈಸರಿನ 9, 2, 0 ಮತ್ತು 17ನೆಯ ಬಣ್ಣಗಳೇ. ಬರಹದ ಪದ್ಧತಿ ಮಾತ್ರ ಬೇರೆ.

ಕನ್ನಡದಲ್ಲಿ ಹೆಸರಿಟ್ಟ ಹಾಡುಗಳನ್ನು ಉಳ್ಳವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಮುಖ್ಯ ಕಿಟಕಿಯಲ್ಲಿ ಸರಿಯುವ ಹಾಡಿನ ಹೆಸರು `TEXT.BMP` ಚಿತ್ರದಿಂದ ಕತ್ತರಿಸಿ ಜೋಡಿಸಿದ ಅಕ್ಷರಗಳಿಂದ ಆದದ್ದು. ಒಂದೊಂದು ಅಕ್ಷರದ ಅಗಲ 5, ಎತ್ತರ 6 ಪಿಕ್ಸೆಲ್. ಆ ಚಿತ್ರದಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಕೆಲವು ಚಿಹ್ನೆಗಳಷ್ಟೇ ಇರುತ್ತವೆ. ಒತ್ತು, ಗುಣಿತಗಳುಳ್ಳ ಕನ್ನಡವನ್ನು ಅಷ್ಟು ಚಿಕ್ಕ ಚೌಕದಲ್ಲಿ ಹಿಡಿಸುವುದಕ್ಕೂ ಆಗದು. 5ನೇ ಆವೃತ್ತಿಯ ಆದ್ಯತೆಗಳಲ್ಲಿ ಮುಖ್ಯ ಹೆಸರಿಗೆ ಬಿಟ್‌ಮ್ಯಾಪ್ ಅಕ್ಷರಗಳನ್ನು ಬಳಸಬೇಕೆಂಬ ಆಯ್ಕೆಯ ಗುರುತನ್ನು ತೆಗೆದರೆ ಅದರ ಬದಲು ವಿಂಡೋಸ್‌ನ ಫಾಂಟ್ ಬಳಕೆಗೆ ಬರುತ್ತದೆ. ಆಗ ಸ್ಕಿನ್ ತಯಾರಕರು ಬಿಡಿಸಿದ ಅಕ್ಷರಗಳ ಸೊಗಸು ಹೋಗುತ್ತದೆ, ಕನ್ನಡ ಉಳಿಯುತ್ತದೆ. ಹಾಡುಪಟ್ಟಿಯು ಮೊದಲಿನಿಂದಲೂ ವಿಂಡೋಸ್ ಫಾಂಟನ್ನೇ ಬಳಸುವುದರಿಂದ ಅಲ್ಲಿ `Font=` ಸಾಲಿನಲ್ಲಿ ಕನ್ನಡವಿರುವ ಫಾಂಟಿನ ಹೆಸರನ್ನು, ಉದಾಹರಣೆಗೆ `Tunga` ಅಥವಾ `Nirmala UI` ಎಂದು, ಬರೆಯಬಹುದು.

## ಅಳವಡಿಕೆ ಮತ್ತು ಪರೀಕ್ಷೆ

ಪ್ರಯೋಗದ ಅವಧಿಯಲ್ಲಿ ಸ್ಕಿನ್ನನ್ನು ಜಿಪ್ ಮಾಡುವ ಅಗತ್ಯವಿಲ್ಲ. ವಿನ್‌ಆ್ಯಂಪ್ ಅನುಸ್ಥಾಪನೆಯಾದ ಜಾಗದ `Skins` ಫೋಲ್ಡರಿನೊಳಗೆ ಹೊಸ ಫೋಲ್ಡರ್ ಮಾಡಿ, ಬಿಚ್ಚಿದ ಕಡತಗಳನ್ನು ಅದರಲ್ಲಿಟ್ಟರೆ ಅದೂ ಒಂದು ಸ್ಕಿನ್ನಾಗಿ ಪಟ್ಟಿಯಲ್ಲಿ ಕಾಣುತ್ತದೆ. `Alt+S` ಒತ್ತಿದರೆ ಸ್ಕಿನ್ ಆಯ್ಕೆಯ ಕಿಟಕಿ ತೆರೆಯುತ್ತದೆ. ಬಣ್ಣಕಡತವನ್ನು ಸ್ಕಿನ್ ತೆರೆಯುವಾಗ ಒಮ್ಮೆ ಮಾತ್ರ ಓದಲಾಗುವುದರಿಂದ, ಪ್ರತಿ ತಿದ್ದುಪಡಿಯ ನಂತರ ಕಡತವನ್ನು ಉಳಿಸಿ ವಿನ್‌ಆ್ಯಂಪ್‌ನಲ್ಲಿ `F5` ಒತ್ತಿ ಸ್ಕಿನ್ನನ್ನು ಮತ್ತೆ ಓದಿಸಬೇಕು. 16 ಪಿಕ್ಸೆಲ್ ಎತ್ತರವು ಇಂದಿನ ಪರದೆಗಳಲ್ಲಿ ತೀರ ಚಿಕ್ಕದು. `Ctrl+D` ಒತ್ತಿ ಕಿಟಕಿಯನ್ನು ಇಮ್ಮಡಿಸಿದರೆ ಬಣ್ಣದ ಸಾಲುಗಳನ್ನು ಒಂದೊಂದಾಗಿ ಗುರುತಿಸಬಹುದು.

ಮೆಲುದನಿಯ ಒಂದು ಹಾಡು, ಅಬ್ಬರದ ಒಂದು ಹಾಡು ಎರಡನ್ನೂ ನುಡಿಸಿ ನೋಡುವುದು ಒಳ್ಳೆಯದು. ಮೊದಲನೆಯದು ಬುಡದ ಬಣ್ಣಗಳ ಸ್ಪಷ್ಟತೆಯನ್ನೂ, ಎರಡನೆಯದು ತುದಿಯನ್ನೂ ತೋರಿಸುತ್ತದೆ. ಬಣ್ಣಗಳು ತಲೆಕೆಳಗಾಗಿ, ಅಂದರೆ ಜೇನುಬಣ್ಣ ಬುಡದಲ್ಲಿ ಕಂಡರೆ 2-17ರ ಕ್ರಮ ತಿರುಗಿದೆ ಎಂದರ್ಥ. ಆದರೆ ಅದಕ್ಕೂ ಮುನ್ನ `Fire` ಬಗೆ ಆಯ್ಕೆಯಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಏನೂ ಬದಲಾಗದೆ ಮೂಲದ ಹಸಿರು-ಕೆಂಪೇ ಉಳಿದರೆ ಕಡತದ ಹೆಸರನ್ನು ನೋಡಬೇಕು. ವಿಂಡೋಸ್ ವಿಸ್ತರಣೆಗಳನ್ನು ಅಡಗಿಸಿಟ್ಟಿರುವಾಗ ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಕಡತವು ಎಷ್ಟೋ ಸಲ `VISCOLOR.TXT.txt` ಆಗಿರುತ್ತದೆ.

ಎಲ್ಲವೂ ಸರಿಯಾದ ಮೇಲೆ ಕಡತಗಳನ್ನು ಆರಿಸಿ ಜಿಪ್ ಮಾಡಿ, ವಿಸ್ತರಣೆಯನ್ನು `.wsz` ಎಂದು ಬದಲಿಸಿದರೆ ಸ್ಕಿನ್ ಹಂಚಲು ಸಿದ್ಧ. ಬೇರೆಯವರ ಸ್ಕಿನ್ನನ್ನು ತಿದ್ದಿ ಮಾಡಿದ್ದಾದರೆ ಮೂಲ ತಯಾರಕರ ಟಿಪ್ಪಣಿ ಕಡತವನ್ನು ಅದರೊಳಗೇ ಉಳಿಸುವುದು ಸ್ಕಿನ್ ಬಳಗದ ಮರ್ಯಾದೆ.

## ಮಾಡರ್ನ್ ಸ್ಕಿನ್ ಮತ್ತು ಇತರ ವಾದಕಗಳು

ಮಾಡರ್ನ್ ಸ್ಕಿನ್‌ಗಳಲ್ಲಿ `VISCOLOR.TXT` ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ವಿಷುವಲೈಸರಿನ ಬಣ್ಣಗಳನ್ನು ಎಕ್ಸ್‌ಎಂಎಲ್ ಕಡತದಲ್ಲಿ ಬರೆಯಲಾಗುತ್ತದೆ. 16 ಪಟ್ಟಿಬಣ್ಣಗಳು, 5 ಅಲೆಬಣ್ಣಗಳು ಮತ್ತು ಶಿಖರಚುಕ್ಕೆ ಎಂಬ ಹಳೆಯ ಎಣಿಕೆ ಮಾತ್ರ ಅಲ್ಲಿಯೂ ಮುಂದುವರಿದಿದೆ. ಸಾಮಾನ್ಯ ಬಳಕೆದಾರರಿಗೆ ಎಕ್ಸ್‌ಎಂಎಲ್ ತಿದ್ದುವ ಅಗತ್ಯ ಬೀಳುವುದು ಕಡಿಮೆ. ಸ್ಕಿನ್ನಿನ ಒಳಗೇ ಇರುವ ಬಣ್ಣಯೋಜನೆಗಳ ಪಟ್ಟಿಯಿಂದ ಒಂದನ್ನು ಆರಿಸಿದರೆ ಕಿಟಕಿಯ ಬಣ್ಣಗಳು ಒಟ್ಟಾಗಿ ಬದಲಾಗುತ್ತವೆ. ಪೂರ್ಣಪರದೆಯಲ್ಲಿ ಚಲಿಸುವ ಚಿತ್ತಾರಗಳನ್ನು ಮೂಡಿಸುವ ಮಿಲ್ಕ್‌ಡ್ರಾಪ್ ಮತ್ತು ಎವಿಎಸ್ ಎಂಬವು ಪ್ರತ್ಯೇಕ ಪ್ಲಗಿನ್‌ಗಳು; ಅವುಗಳ ಬಣ್ಣ ಆಯಾ ಚಿತ್ತಾರದ ಕಡತದಲ್ಲಿಯೇ ಇರುತ್ತದೆ.

ಕ್ಲಾಸಿಕ್ ಸ್ಕಿನ್ನಿನ ವಿಧಾನವು ವಿನ್‌ಆ್ಯಂಪ್‌ನ ಆಚೆಗೂ ಹರಡಿತು. ಲಿನಕ್ಸ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎಕ್ಸ್‌ಎಂಎಂಎಸ್ ಇವೇ ಸ್ಕಿನ್‌ಗಳನ್ನು ಓದುತ್ತಿತ್ತು. ಇಂದಿನ ಆಡೇಷಿಯಸ್ ವಾದಕವು ತನ್ನ ವಿನ್‌ಆ್ಯಂಪ್ ಮಾದರಿಯ ಕಿಟಕಿಯಲ್ಲಿ ಇವುಗಳನ್ನು ಬಳಸುತ್ತದೆ. ಕ್ಯೂಎಂಎಂಪಿ ಕೂಡ ಹಾಗೆಯೇ. ಜಾಲವೀಕ್ಷಕದೊಳಗೇ ನಡೆಯುವ ವೆಬ್‌ಆ್ಯಂಪ್ ಅನ್ನು ಜೋರ್ಡನ್ ಎಲ್ಡ್ರೆಜ್ ರಚಿಸಿದ್ದು, ಅವರದೇ ವಿನ್‌ಆ್ಯಂಪ್ ಸ್ಕಿನ್ ಮ್ಯೂಸಿಯಂ ತಾಣದಲ್ಲಿ ಹಳೆಯ ಸಾವಿರಾರು ಸ್ಕಿನ್‌ಗಳನ್ನು ನೋಡಬಹುದು, ಇಳಿಸಿಕೊಂಡು ಬಿಚ್ಚಬಹುದು. ಮೇಲಿನ ಉದಾಹರಣೆಯ 24 ಸಾಲುಗಳನ್ನು ಈ ವಾದಕಗಳಿಗೆ ಬೇರೆಯಾಗಿ ತಿದ್ದಬೇಕಾಗಿಲ್ಲ. ಅದೇ `.wsz` ಕಡತವನ್ನು ಅವುಗಳಲ್ಲಿಯೂ ತೆರೆಯಬಹುದು.